ಬ್ರೋಕರ್ ಮುಳುಗಿದರೆ ನಿಮ್ಮ ಷೇರು ಎಲ್ಲಿರುತ್ತದೆ?

ಷೇರು ಪೇಟೆಗೆ ಹೊಸದಾಗಿ ಕಾಲಿಟ್ಟವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಈ ಆ್ಯಪ್‌ನವರು ನಾಳೆ ಬಾಗಿಲು ಹಾಕಿಕೊಂಡು ಹೋದರೆ ನನ್ನ ಷೇರುಗಳ ಗತಿ ಏನು?" ದೇಶದಲ್ಲಿ ಡಿಮ್ಯಾಟ್ ಖಾತೆಗಳು 2025ರಲ್ಲಿ 20 ಕೋಟಿ ದಾಟಿದವು. ಅದರಲ್ಲಿ ದೊಡ್ಡ ಪಾಲು ಕಳೆದ ಐದಾರು ವರ್ಷಗಳಲ್ಲಿ ಮೊಬೈಲ್‌ನಲ್ಲೇ ತೆರೆದದ್ದು. ಬ್ರೋಕರ್ ಕಚೇರಿಯ ಮುಖ ನೋಡದವರೇ ಜಾಸ್ತಿ. ಹಾಗಾಗಿ ಈ ಭಯ ಸಹಜವೇ.

"ಷೇರು ಬ್ರೋಕರ್ ಹತ್ತಿರ ಇರೋದೇ ಇಲ್ಲ, ಡಿಪಾಸಿಟರಿಯಲ್ಲಿ ಇರುತ್ತೆ, ಚಿಂತೆ ಬೇಡ" ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಡಿಪಾಸಿಟರಿ ಅಂದರೆ ಎಲ್ಲರ ಷೇರುಗಳ ಲೆಕ್ಕ ಇಡುವ ಸಂಸ್ಥೆ. ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ ಉತ್ತರ. 2019ರಲ್ಲಿ ಕಾರ್ವಿ ಎಂಬ ದೊಡ್ಡ ಬ್ರೋಕರ್ ಸಂಸ್ಥೆಯ ಪ್ರಕರಣ ಬಯಲಾದಾಗ ಅದರ ಗ್ರಾಹಕರಿಗೂ ಡಿಪಾಸಿಟರಿಯಲ್ಲೇ ಖಾತೆ ಇತ್ತು. ಆದರೂ ಅವರ ಷೇರುಗಳು ಬ್ಯಾಂಕಿನಲ್ಲಿ ಅಡವು ಬಿದ್ದಿದ್ದವು. ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಡಿಪಾಸಿಟರಿಯಲ್ಲಿ ನಿಮ್ಮ ಷೇರು ಯಾರ ಹೆಸರಿನ ಖಾತೆಯಲ್ಲಿದೆ? ಆ ಖಾತೆಯಿಂದ ಅದನ್ನು ಹೊರಗೆ ತೆಗೆಯಲು ಯಾರ ಒಪ್ಪಿಗೆ ಬೇಕು?

ಮೊದಲು ಖಾತೆಯ ವಿಷಯ. ಭಾರತದಲ್ಲಿ ಡಿಪಾಸಿಟರಿಗಳು ಎರಡೇ. ಡಿಪಾಸಿಟರಿ ಕಾಯ್ದೆ ಬಂದ 1996ರಲ್ಲೇ ಎನ್‌ಎಸ್‌ಡಿಎಲ್ ಶುರುವಾಯಿತು. ಸಿಡಿಎಸ್‌ಎಲ್ 1999ರಲ್ಲಿ ಬಂತು. ಅದಕ್ಕೂ ಮುಂಚೆ ಷೇರು ಅಂದರೆ ಕಾಗದದ ಸರ್ಟಿಫಿಕೇಟು. ಸಹಿ ಹೊಂದಲಿಲ್ಲ ಅಂತ ವಾಪಸ್ ಬರುತ್ತಿತ್ತು, ಅಂಚೆಯಲ್ಲಿ ಕಳೆಯುತ್ತಿತ್ತು, ನಕಲಿಯೂ ಓಡಾಡುತ್ತಿತ್ತು. ಈಗ ಎಲ್ಲವೂ ಈ ಎರಡು ಸಂಸ್ಥೆಗಳ ಕಂಪ್ಯೂಟರಿನಲ್ಲಿ ಬರೆದ ಲೆಕ್ಕ.

ಈ ಡಿಪಾಸಿಟರಿಗಳು ನಿಮಗೆ ನೇರವಾಗಿ ಖಾತೆ ತೆರೆದು ಕೊಡುವುದಿಲ್ಲ. ನಡುವೆ ಒಬ್ಬ ಡಿಪಿ, ಅಂದರೆ ಡಿಪಾಸಿಟರಿ ಪಾರ್ಟಿಸಿಪೆಂಟ್ ಇರುತ್ತಾನೆ. ಬ್ಯಾಂಕ್ ಡಿಪಿ ಆಗಬಹುದು, ಬ್ರೋಕರ್ ಡಿಪಿ ಆಗಬಹುದು. ಬೆಂಗಳೂರಿನ ಜೆರೋಧಾ, ಗ್ರೋ ಎರಡೂ ಬ್ರೋಕರ್ ಕೂಡ ಹೌದು, ಸಿಡಿಎಸ್‌ಎಲ್‌ನ ಡಿಪಿ ಕೂಡ ಹೌದು. ಗೊಂದಲ ಹುಟ್ಟುವುದೇ ಇಲ್ಲಿ. ಒಂದೇ ಆ್ಯಪ್, ಒಂದೇ ಲಾಗಿನ್, ಆದರೆ ಒಳಗೆ ಇಬ್ಬರು ಬೇರೆ ಬೇರೆ ಕೆಲಸಗಾರರು. ಬ್ರೋಕರ್ ನಿಮ್ಮ ಆರ್ಡರನ್ನು ಎಕ್ಸ್‌ಚೇಂಜಿಗೆ ಕಳಿಸುತ್ತಾನೆ. ಡಿಪಿ ನಿಮ್ಮ ಡಿಮ್ಯಾಟ್ ಖಾತೆಯ ಕಾಗದಪತ್ರ, ಸೂಚನೆಗಳನ್ನು ನೋಡಿಕೊಳ್ಳುತ್ತಾನೆ. ಷೇರಿನ ಲೆಕ್ಕ ಇಬ್ಬರ ಹತ್ತಿರವೂ ಅಲ್ಲ, ಡಿಪಾಸಿಟರಿಯಲ್ಲಿ.

ನಿಮ್ಮ ಖಾತೆ ಯಾವುದರಲ್ಲಿದೆ ಎಂದು ತಿಳಿಯಲು ಆ್ಯಪ್‌ನ ಪ್ರೊಫೈಲ್ ಪುಟದಲ್ಲಿ ಡಿಮ್ಯಾಟ್ ಸಂಖ್ಯೆ ನೋಡಿ. ಒಟ್ಟು 16 ಸ್ಥಾನ ಇರುತ್ತದೆ. ಮೊದಲಿಗೆ `IN` ಎಂಬ ಎರಡು ಅಕ್ಷರ ಇದ್ದರೆ ಅದು ಎನ್‌ಎಸ್‌ಡಿಎಲ್. ಹದಿನಾರೂ ಅಂಕಿಗಳೇ ಆಗಿದ್ದರೆ ಸಿಡಿಎಸ್‌ಎಲ್. ಎರಡರಲ್ಲೂ ಮೊದಲ ಎಂಟು ಸ್ಥಾನ ನಿಮ್ಮ ಡಿಪಿಯ ಗುರುತು, ಉಳಿದ ಎಂಟು ನಿಮ್ಮದು. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಆ್ಯಪ್ ತೆರೆಯದ ದಿನ ಬೇಕಾಗುವುದು ಇದೇ.

ಕಾನೂನಿನಲ್ಲಿ ಒಂದು ಸ್ವಾರಸ್ಯ ಇದೆ. ಕಂಪನಿಯ ಪುಸ್ತಕದಲ್ಲಿ ಈ ಷೇರುಗಳ ನೋಂದಾಯಿತ ಮಾಲೀಕ ಡಿಪಾಸಿಟರಿ. ನೀವು 'ಬೆನಿಫಿಷಿಯಲ್ ಓನರ್'. ಹೆಸರು ಕೇಳಿ ಗಾಬರಿಯಾಗಬೇಡಿ. 1996ರ ಕಾಯ್ದೆಯ 10ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ: ಡಿಪಾಸಿಟರಿಗೆ ಮತದಾನದ ಹಕ್ಕಿಲ್ಲ, ಬೇರೆ ಯಾವ ಹಕ್ಕೂ ಇಲ್ಲ. ಲಾಭಾಂಶ, ಬೋನಸ್, ಮತ ಎಲ್ಲವೂ ನಿಮ್ಮದೇ. ಡಿಮ್ಯಾಟನ್ನು ಬ್ಯಾಂಕ್ ಖಾತೆಗೆ ಹೋಲಿಸುವುದು ರೂಢಿ. ಆದರೆ ಈ ವಿಷಯದಲ್ಲಿ ಆ ಹೋಲಿಕೆ ದಾರಿ ತಪ್ಪಿಸುತ್ತದೆ. ಬ್ಯಾಂಕಿಗೆ ಕಟ್ಟಿದ ಹಣ ಬ್ಯಾಂಕು ನಿಮಗೆ ಕೊಡಬೇಕಾದ ಸಾಲ, ಅದನ್ನು ಅವರು ಬೇರೆಯವರಿಗೆ ಸಾಲ ಕೊಟ್ಟು ಬಡ್ಡಿ ಎಣಿಸಬಹುದು. ಡಿಮ್ಯಾಟ್‌ನಲ್ಲಿರುವ ಷೇರನ್ನು ಡಿಪಾಸಿಟರಿಯಾಗಲಿ ಡಿಪಿಯಾಗಲಿ ಹಾಗೆ ತಿರುಗಿಸುವಂತಿಲ್ಲ. ಡಿಪಿ ದಿವಾಳಿಯಾದರೆ ಅವನಿಗೆ ಸಾಲ ಕೊಟ್ಟವರಿಗೆ ನಿಮ್ಮ ಷೇರಿನ ಮೇಲೆ ಹಕ್ಕಿಲ್ಲ. ಅದೇ ಕಾಯ್ದೆಯ 16ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಡಿಪಿಯ ನಿರ್ಲಕ್ಷ್ಯದಿಂದ ನಿಮಗೆ ನಷ್ಟವಾದರೂ ಅದನ್ನು ತುಂಬಿಕೊಡಬೇಕಾದವರು ಡಿಪಾಸಿಟರಿಯವರು. ಆಮೇಲೆ ಅವರು ಡಿಪಿಯಿಂದ ವಸೂಲಿ ಮಾಡಿಕೊಳ್ಳಲಿ.

ಇಷ್ಟು ಗಟ್ಟಿ ಕಾನೂನಿದ್ದೂ ಕಾರ್ವಿಯಲ್ಲಿ ಹಾಗೇಕಾಯಿತು? ಅದಕ್ಕೆ ಒಂದು ವ್ಯವಹಾರ ಹೇಗೆ ನಡೆಯುತ್ತದೆ ಎಂದು ನೋಡಬೇಕು.

ಸೋಮವಾರ ನೀವು ಇನ್ಫೋಸಿಸ್‌ನ 50 ಷೇರು ಕೊಂಡಿರಿ ಎಂದುಕೊಳ್ಳಿ. ಲೆಕ್ಕಕ್ಕೆ ಬೆಲೆ 1,500 ರೂಪಾಯಿ ಇರಲಿ, ಒಟ್ಟು 75,000. ಆ್ಯಪ್‌ನಲ್ಲಿ ಆಗಲೇ 50 ಷೇರು ತೋರಿಸುತ್ತದೆ. ಆದರೆ ಡಿಪಾಸಿಟರಿಯಲ್ಲಿ ಇನ್ನೂ ಏನೂ ಇಲ್ಲ. ಸೋಮವಾರ ಆದದ್ದು ಮಾತುಕತೆ ಮಾತ್ರ. ಸಾಮಗ್ರಿ ಕೈ ಬದಲಾಗುವುದು ಮಾರನೆಯ ವಹಿವಾಟು ದಿನ. 2023ರ ಜನವರಿ ಕೊನೆಯಿಂದ ಎಲ್ಲ ಷೇರುಗಳಿಗೂ ಇದೇ ನಿಯಮ, ಇದನ್ನೇ ಟಿ ಪ್ಲಸ್ ಒನ್ ಎನ್ನುವುದು. ಮಂಗಳವಾರ ಕ್ಲಿಯರಿಂಗ್ ಕಾರ್ಪೊರೇಷನ್ ಮಾರಿದವರ ಕಡೆಯಿಂದ ಷೇರು, ಕೊಂಡವರ ಕಡೆಯಿಂದ ಹಣ ತೆಗೆದುಕೊಂಡು ಅದಲು ಬದಲು ಮಾಡುತ್ತದೆ. ಅಂದು ಸಂಜೆಯೊಳಗೆ ನಿಮ್ಮ ಖಾತೆಯಲ್ಲಿ INE009A01021 ಎಂಬ ಹೆಸರಿನ ಮುಂದೆ 50 ಎಂದು ಬೀಳುತ್ತದೆ. ಅದು ಇನ್ಫೋಸಿಸ್ ಷೇರಿನ ಐಎಸ್‌ಐಎನ್. ಡಿಪಾಸಿಟರಿಯ ಭಾಷೆಯಲ್ಲಿ ಪ್ರತಿ ಷೇರಿಗೂ ಹೀಗೆ 12 ಸ್ಥಾನದ ಒಂದು ಗುರುತು.

ಈ ಅದಲು ಬದಲಿನಲ್ಲಿ ಮೊದಲೊಂದು ತಿರುವು ಇತ್ತು. ಕ್ಲಿಯರಿಂಗ್ ಕಾರ್ಪೊರೇಷನ್‌ನಿಂದ ಬಂದ ಷೇರುಗಳು ಮೊದಲು ಬ್ರೋಕರ್‌ನ ಪೂಲ್ ಖಾತೆಗೆ ಹೋಗುತ್ತಿದ್ದವು. ಅಲ್ಲಿ ಎಲ್ಲ ಗ್ರಾಹಕರ ಷೇರು ಒಟ್ಟಿಗೆ ಸೇರುತ್ತಿತ್ತು. ಬ್ರೋಕರ್ ಅದನ್ನು ವಿಂಗಡಿಸಿ ಗ್ರಾಹಕರ ಖಾತೆಗಳಿಗೆ ಕಳಿಸುತ್ತಿದ್ದ. ಕಳಿಸುವುದು ತಡವಾದರೆ? ಕಳಿಸದೇ ಇಟ್ಟುಕೊಂಡರೆ? ಗ್ರಾಹಕನಿಗೆ ಆ್ಯಪ್‌ನಲ್ಲಿ 50 ಎಂದೇ ಕಾಣುತ್ತಿರುತ್ತದೆ.

ಮಾರುವಾಗ ಇನ್ನೊಂದು ತಿರುವು. ನೀವು 50 ಷೇರು ಮಾರಿದಿರಿ. ಅದು ನಿಮ್ಮ ಖಾತೆಯಿಂದ ಹೊರಗೆ ಹೋಗಬೇಕು. ಹೋಗಲು ನಿಮ್ಮ ಒಪ್ಪಿಗೆ ಬೇಕು. ಹಳೆಯ ಕ್ರಮದಲ್ಲಿ ಅದಕ್ಕೆ ಡಿಐಎಸ್ ಎಂಬ ಚೀಟಿ ಇತ್ತು, ಬ್ಯಾಂಕ್ ಚೆಕ್ಕಿನ ಹಾಗೆ ಒಂದು ಪುಸ್ತಕ. ಪ್ರತಿ ಸಲ ಮಾರಿದಾಗ ಸಹಿ ಮಾಡಿ ಕೊಡಬೇಕು. ಆನ್‌ಲೈನ್ ವ್ಯಾಪಾರ ಬಂದ ಮೇಲೆ ಇದು ತಲೆನೋವಾಯಿತು. ಆಗ ಬ್ರೋಕರ್‌ಗಳು ಪವರ್ ಆಫ್ ಅಟಾರ್ನಿ ಬರೆಸಿಕೊಳ್ಳಲು ಶುರು ಮಾಡಿದರು. ಖಾತೆ ತೆರೆಯುವ ಅರ್ಜಿಯ ಜೊತೆಗೇ ಇನ್ನೊಂದು ಸ್ಟ್ಯಾಂಪ್ ಪೇಪರ್. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ನಾವು ಸುಮ್ನೆ ಸಹಿ ಹಾಕುತ್ತಾ ಹೋದೆವು. ಅದರಲ್ಲಿ ಏನಿದೆ ಎಂದು ಓದಿದವರು ಎಷ್ಟು ಜನ ಇದ್ದಾರು? ಆ ಪತ್ರ ಇದ್ದರೆ ಬ್ರೋಕರ್ ನಿಮ್ಮನ್ನು ಕೇಳದೆಯೇ ನಿಮ್ಮ ಖಾತೆಯಿಂದ ಷೇರು ತೆಗೆಯಬಹುದು. ಮಾರಿದ ಷೇರನ್ನು ಮಾತ್ರ ತೆಗೆಯಬೇಕು ಎಂಬುದು ನಿಯಮ. ಆದರೆ ಡಿಪಾಸಿಟರಿಯ ಕಂಪ್ಯೂಟರಿಗೆ ಮಾರಿದ್ದು ಯಾವುದು, ಮಾರದ್ದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಅಟಾರ್ನಿ ಇದೆಯೇ, ಸೂಚನೆ ಬಂದಿದೆಯೇ, ಅಷ್ಟು ನೋಡಿ ಅದು ವರ್ಗಾಯಿಸುತ್ತಿತ್ತು.

ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ಬಳಸಿಕೊಂಡದ್ದು ಈ ಸಂದನ್ನೇ. ಚಿಕ್ಕ ಊರುಗಳಲ್ಲೂ ಶಾಖೆ ಇಟ್ಟುಕೊಂಡಿದ್ದ ದೊಡ್ಡ ಹೆಸರು ಅದು. ಬ್ರೋಕರ್ ಹೌದು, ಡಿಪಿಯೂ ಹೌದು, ಗ್ರಾಹಕರ ಅಟಾರ್ನಿಯೂ ಕೈಯಲ್ಲಿತ್ತು. 2019ರ ನವೆಂಬರ್ 22ರಂದು ಷೇರು ಪೇಟೆಯ ನಿಯಂತ್ರಕ ಸೆಬಿ ಹೊರಡಿಸಿದ ಮಧ್ಯಂತರ ಆದೇಶದಲ್ಲಿ ವಿವರಗಳಿವೆ. ಗ್ರಾಹಕರ ಷೇರುಗಳನ್ನು ಕಾರ್ವಿ ತನ್ನದೇ ಹೆಸರಿನ ಒಂದು ಡಿಮ್ಯಾಟ್ ಖಾತೆಗೆ ವರ್ಗಾಯಿಸಿಕೊಂಡಿತ್ತು. ಆ ಖಾತೆಯನ್ನು ಎಕ್ಸ್‌ಚೇಂಜಿಗೆ ಕೊಡುತ್ತಿದ್ದ ವರದಿಯಲ್ಲಿ ತೋರಿಸಿರಲಿಲ್ಲ. ಅಲ್ಲಿಗೆ ಬಂದ ಷೇರುಗಳನ್ನು ಬ್ಯಾಂಕು, ಹಣಕಾಸು ಸಂಸ್ಥೆಗಳಲ್ಲಿ ಅಡವಿಟ್ಟು ಸಾಲ ತೆಗೆದಿತ್ತು. 2016ರ ಏಪ್ರಿಲ್‌ನಿಂದ 2019ರ ಅಕ್ಟೋಬರ್‌ವರೆಗೆ ನಿವ್ವಳ 1,096 ಕೋಟಿ ರೂಪಾಯಿ ತನ್ನದೇ ಗುಂಪಿನ ಕಾರ್ವಿ ರಿಯಾಲ್ಟಿಗೆ ಹೋಗಿತ್ತು. ಅಡವಿಟ್ಟಿದ್ದ ಷೇರುಗಳ ಮೌಲ್ಯ ಸುಮಾರು 2,300 ಕೋಟಿ.

ಇದರಲ್ಲಿ ನನಗೆ ಜಾಸ್ತಿ ಗಮನಿಸಬೇಕು ಅನ್ನಿಸುವುದು ಹಣದ ಗಾತ್ರವಲ್ಲ, ಕೆಲಸ ಎಷ್ಟು ಸರಳವಾಗಿ ನಡೆಯಿತು ಎಂಬುದು. ಯಾರೂ ಡಿಪಾಸಿಟರಿಯನ್ನು ಹ್ಯಾಕ್ ಮಾಡಲಿಲ್ಲ. ಲೆಕ್ಕ ತಿದ್ದಲಿಲ್ಲ. ಡಿಪಾಸಿಟರಿಯ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಗ್ರಾಹಕನ ಖಾತೆಯಲ್ಲಿ ಸೊನ್ನೆ, ಕಾರ್ವಿಯ ಖಾತೆಯಲ್ಲಿ 50. ಆ ಪುಸ್ತಕ ನೋಡಿದ್ದರೆ ಗ್ರಾಹಕನಿಗೆ ಗೊತ್ತಾಗುತ್ತಿತ್ತು. ಆದರೆ ಅವನು ನೋಡುತ್ತಿದ್ದದ್ದು ಬ್ರೋಕರ್ ತೋರಿಸುವ ಪರದೆಯನ್ನು. ಸಾಲ ಕೊಟ್ಟ ಬ್ಯಾಂಕಿಗೂ ಷೇರು ಕಾರ್ವಿಯ ಹೆಸರಿನಲ್ಲೇ ಕಂಡಿತು. ಅವರು ಅದನ್ನು ಕಾರ್ವಿಯ ಆಸ್ತಿ ಎಂದುಕೊಂಡು ಸಾಲ ಕೊಟ್ಟರು.

ಆದೇಶ ಬಂದ ಹತ್ತೇ ದಿನದಲ್ಲಿ, ಡಿಸೆಂಬರ್ 2ರಂದು, ಎನ್‌ಎಸ್‌ಡಿಎಲ್ ಸುಮಾರು 83 ಸಾವಿರ ಗ್ರಾಹಕರ ಷೇರುಗಳನ್ನು ಕಾರ್ವಿಯ ಖಾತೆಯಿಂದ ತೆಗೆದು ಅವರವರ ಖಾತೆಗೆ ಮರಳಿಸಿತು. ಪೂರ್ತಿ ಹಣ ಕೊಟ್ಟು ಷೇರು ಕೊಂಡಿದ್ದವರು ಇವರು. ಸಾಲ ಕೊಟ್ಟ ಸಂಸ್ಥೆಗಳು ತಕ್ಷಣ ಮೇಲ್ಮನವಿ ನ್ಯಾಯಮಂಡಳಿಯ ಬಾಗಿಲು ತಟ್ಟಿದವು. ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. 2020ರ ನವೆಂಬರ್‌ನಲ್ಲಿ ಎನ್‌ಎಸ್‌ಇ ಕಾರ್ವಿಯನ್ನು ಡಿಫಾಲ್ಟರ್ ಎಂದು ಘೋಷಿಸಿತು. 2023ರ ಏಪ್ರಿಲ್‌ನಲ್ಲಿ ಸೆಬಿ ಕಂಪನಿಯನ್ನೂ ಅದರ ಪ್ರವರ್ತಕ ಸಿ. ಪಾರ್ಥಸಾರಥಿಯವರನ್ನೂ ಏಳು ವರ್ಷ ಪೇಟೆಯಿಂದ ಹೊರಗಿಟ್ಟಿತು.

ಕಾರ್ವಿಗೂ ಸ್ವಲ್ಪ ಮೊದಲೇ, 2019ರ ಜೂನ್‌ನಲ್ಲಿ, ಗ್ರಾಹಕರ ಷೇರನ್ನು ಅಡವಿಟ್ಟು ಬ್ರೋಕರ್ ಸಾಲ ತೆಗೆಯುವಂತಿಲ್ಲ ಎಂದು ಸೆಬಿ ಸುತ್ತೋಲೆ ಹೊರಡಿಸಿತ್ತು. ಆದರೆ ಬರೀ ನಿಷೇಧ ಸಾಲದು ಎಂದು ಕಾರ್ವಿ ತೋರಿಸಿಕೊಟ್ಟಿತು. ಆಮೇಲಿನ ಐದು ವರ್ಷಗಳಲ್ಲಿ ಬಂದ ಬದಲಾವಣೆಗಳ ದಿಕ್ಕು ಒಂದೇ: ಷೇರು ಬ್ರೋಕರ್ ಹೆಸರಿನ ಖಾತೆಗೆ ಹೋಗುವ ಒಂದೊಂದೇ ದಾರಿಯನ್ನು ಮುಚ್ಚುತ್ತಾ ಬರುವುದು.

ಮೊದಲು ಮುಚ್ಚಿದ್ದು ಮಾರ್ಜಿನ್ ದಾರಿ. ಫ್ಯೂಚರ್ಸ್, ಆಪ್ಷನ್ಸ್ ಆಡುವವರು ಕೈಯಲ್ಲಿರುವ ಷೇರನ್ನು ಭದ್ರತೆಯಾಗಿ ಕೊಡುತ್ತಾರೆ. ಹಿಂದೆ ಇದಕ್ಕಾಗಿ ಷೇರನ್ನು ಬ್ರೋಕರ್ ಖಾತೆಗೆ ವರ್ಗಾಯಿಸಲೇಬೇಕಿತ್ತು. 2020ರ ಸೆಪ್ಟೆಂಬರ್‌ನಿಂದ ಷೇರು ನಿಮ್ಮ ಖಾತೆಯಲ್ಲೇ ಇರುತ್ತದೆ, ಅದರ ಮೇಲೆ ಅಡವಿನ ಗುರುತು ಮಾತ್ರ ಬೀಳುತ್ತದೆ. ಒಂದು ಲೆಕ್ಕ ನೋಡೋಣ. ನಿಮ್ಮ ಹತ್ತಿರ ತಲಾ 1,500 ರೂಪಾಯಿಯ 200 ಷೇರು ಇದೆ, ಅಂದರೆ 3 ಲಕ್ಷ. ಆ್ಯಪ್‌ನಲ್ಲಿ ಪ್ಲೆಡ್ಜ್ ಎಂದು ಒತ್ತುತ್ತೀರಿ. ಡಿಪಾಸಿಟರಿಯಿಂದ ಒಂದು ಲಿಂಕು ಬರುತ್ತದೆ, ಅಲ್ಲಿ ಒಟಿಪಿ ಹಾಕಬೇಕು. ಹಾಕದಿದ್ದರೆ ಅಡವು ಆಗುವುದಿಲ್ಲ. ಹಾಕಿದರೆ ಬೆಲೆ ಬಿದ್ದರೂ ಇರಲಿ ಎಂದು ಒಂದಷ್ಟು ಪಾಲು ಕಡಿತ ಮಾಡುತ್ತಾರೆ. ಶೇ 20 ಎಂದುಕೊಂಡರೆ ನಿಮಗೆ ಸಿಗುವ ಮಾರ್ಜಿನ್ 2.4 ಲಕ್ಷ. ಷೇರು ಎಲ್ಲೂ ಹೋಗಿಲ್ಲ. ಬೋನಸ್, ಲಾಭಾಂಶ ನಿಮಗೇ ಬರುತ್ತದೆ. ಬ್ರೋಕರ್ ಇದೇ ಷೇರನ್ನು ಮುಂದೆ ಕ್ಲಿಯರಿಂಗ್ ಕಾರ್ಪೊರೇಷನ್‌ಗೆ ಮರು ಅಡವು ಇಡಬಹುದು, ಆದರೆ ನಿಮ್ಮ ವಹಿವಾಟಿನ ಭದ್ರತೆಗೆ ಮಾತ್ರ. ಯಾವ ಬ್ಯಾಂಕಿಗೂ ತೆಗೆದುಕೊಂಡು ಹೋಗಿ ಇಡುವಂತಿಲ್ಲ.

ಆದರೆ ಒಂದು ಮಾತು. ನಿಮ್ಮ ಆಪ್ಷನ್ ವ್ಯವಹಾರದಲ್ಲಿ ನಷ್ಟವಾಗಿ ನೀವು ಹಣ ಕಟ್ಟದಿದ್ದರೆ ಅಡವಿಟ್ಟ ಷೇರನ್ನು ಬ್ರೋಕರ್ ಮಾರಬಹುದು. ಅದು ವಂಚನೆಯಲ್ಲ, ನೀವೇ ಒಪ್ಪಿದ್ದು. "ನನ್ನನ್ನು ಕೇಳದೆ ಮಾರಿದರು" ಎಂದು ಬರುವ ಅನೇಕ ದೂರುಗಳ ಬೇರು ಇಲ್ಲೇ ಇರುತ್ತದೆ.

ಎರಡನೆಯದು ಅಟಾರ್ನಿ. 2022ರಲ್ಲಿ ಅದರ ಜಾಗಕ್ಕೆ ಡಿಡಿಪಿಐ ಎಂಬ ಪತ್ರ ಬಂತು. ಅಟಾರ್ನಿಯಲ್ಲಿ ಬ್ರೋಕರ್ ತನಗೆ ಬೇಕಾದ್ದನ್ನೆಲ್ಲ ಸೇರಿಸಬಹುದಿತ್ತು. ಇದರಲ್ಲಿ ನಾಲ್ಕೇ ಕೆಲಸಕ್ಕೆ ಅವಕಾಶ: ನೀವು ಮಾರಿದ ಷೇರನ್ನು ತಲುಪಿಸುವುದು, ಮಾರ್ಜಿನ್‌ಗಾಗಿ ಅಡವು, ಎಕ್ಸ್‌ಚೇಂಜ್ ಮೂಲಕ ಮಾಡಿದ ಮ್ಯೂಚುಯಲ್ ಫಂಡ್ ವ್ಯವಹಾರ, ಓಪನ್ ಆಫರ್‌ನಂಥ ಕೊಡುಗೆಗಳಲ್ಲಿ ಷೇರು ಒಪ್ಪಿಸುವುದು. ಡಿಡಿಪಿಐ ಕೊಡಲೇಬೇಕೆಂದು ಯಾರೂ ಒತ್ತಾಯ ಮಾಡುವಂತಿಲ್ಲ. ಕೊಡಲಿಲ್ಲ ಎಂದು ಸೇವೆ ನಿರಾಕರಿಸುವಂತಿಲ್ಲ.

ಕೊಡದಿದ್ದರೆ ಏನಾಗುತ್ತದೆ? ಸಿಡಿಎಸ್‌ಎಲ್ ಖಾತೆಯಾದರೆ ಮಾರುವಾಗ ಟಿಪಿನ್ ಕೇಳುತ್ತದೆ. ಆರು ಅಂಕಿಯ ಈ ಸಂಖ್ಯೆ ಸಿಡಿಎಸ್‌ಎಲ್‌ನಿಂದ ನೇರವಾಗಿ ನಿಮ್ಮ ಮೊಬೈಲಿಗೆ, ಇಮೇಲಿಗೆ ಬರುತ್ತದೆ. ಬ್ರೋಕರ್ ಅದನ್ನು ತಯಾರಿಸುವುದಿಲ್ಲ, ಅವನ ಹತ್ತಿರ ಅದು ಇರುವುದೂ ಇಲ್ಲ. ಟಿಪಿನ್, ಆಮೇಲೆ ಒಟಿಪಿ ಹಾಕಿದರೆ ನೀವು ಗುರುತಿಸಿದ ಷೇರು, ನೀವು ಹೇಳಿದ ಸಂಖ್ಯೆ, ಅಷ್ಟಕ್ಕೆ ಮಾತ್ರ ಒಪ್ಪಿಗೆ. ಎನ್‌ಎಸ್‌ಡಿಎಲ್‌ನಲ್ಲೂ ಒಟಿಪಿ ಮೂಲಕ ಇದೇ ರೀತಿ. ದಿನಾ ಕೊಂಡು ಮಾರುವವರಿಗೆ ಇದು ಕಿರಿಕಿರಿ, ಅವರು ಡಿಡಿಪಿಐ ಕೊಟ್ಟುಬಿಡುವುದೇ ಅನುಕೂಲ. ವರ್ಷಕ್ಕೆ ನಾಲ್ಕು ಸಲ ಮಾರುವವರು ಕೊಡದೆ ಟಿಪಿನ್‌ನಲ್ಲೇ ಇರುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅರ್ಧ ನಿಮಿಷ ಉಳಿಸುವುದಕ್ಕಾಗಿ ಕೀಲಿ ಕೊಟ್ಟು ಕೂರುವುದು ಯಾಕೆ ಅಲ್ವಾ?

ಇದರ ಜೊತೆಗೆ, ಮಾರಿದ ಷೇರು ಈಗ ಮೊದಲು ನಿಮ್ಮ ಖಾತೆಯಲ್ಲೇ ಬ್ಲಾಕ್ ಆಗುತ್ತದೆ. ಕ್ಲಿಯರಿಂಗ್ ಕಾರ್ಪೊರೇಷನ್ ನೀವು ನಿಜವಾಗಿ ಮಾರಿದ್ದೀರಾ, ಎಷ್ಟು ಮಾರಿದ್ದೀರಾ ಎಂದು ತಾಳೆ ನೋಡಿ ಅಷ್ಟನ್ನೇ ತೆಗೆಯುತ್ತದೆ. ಕಾರ್ವಿ ಕಾಲದಲ್ಲಿ ಇರದಿದ್ದ ತಾಳೆ ಇದು.

ಮೂರನೆಯದು ಪೂಲ್ ಖಾತೆ. 2025ರ ಆರಂಭದಿಂದ ಕೊಂಡ ಷೇರು ಬ್ರೋಕರ್‌ನ ಪೂಲ್‌ನಲ್ಲಿ ತಂಗುವುದಿಲ್ಲ, ಕ್ಲಿಯರಿಂಗ್ ಕಾರ್ಪೊರೇಷನ್‌ನಿಂದ ನೇರವಾಗಿ ನಿಮ್ಮ ಡಿಮ್ಯಾಟ್‌ಗೆ ಬರುತ್ತದೆ. ನೀವು ಪೂರ್ತಿ ಹಣ ಕೊಡದೆ ಕೊಂಡಿದ್ದರೂ ಷೇರು ಬರುವುದು ನಿಮ್ಮ ಖಾತೆಗೇ. ಆದರೆ ಬಂದ ಕೂಡಲೇ ಬ್ರೋಕರ್ ಪರವಾಗಿ ತಾನಾಗಿ ಅಡವಾಗುತ್ತದೆ. ನೀವು ಬಾಕಿ ಕಟ್ಟದಿದ್ದರೆ ಐದು ವಹಿವಾಟು ದಿನಗಳ ಒಳಗೆ ಬ್ರೋಕರ್ ಅದನ್ನು ಮಾರಿ ತನ್ನ ಹಣ ತೆಗೆದುಕೊಳ್ಳಬಹುದು. ಮಾರದೆ ಸುಮ್ಮನಿದ್ದರೆ ಏಳು ವಹಿವಾಟು ದಿನ ಕಳೆದ ಮೇಲೆ ಆ ಅಡವು ತಾನಾಗಿ ಬಿಟ್ಟುಹೋಗುತ್ತದೆ. ಬಾಕಿ ಇದೆ ಎಂದು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವ ಕಾಲ ಮುಗಿಯಿತು. ಬ್ರೋಕರ್‌ನಿಂದ ಸಾಲ ಪಡೆದು ಷೇರು ಕೊಳ್ಳುವ ಎಂಟಿಎಫ್ ಬೇರೆ ಲೆಕ್ಕ. ಅಲ್ಲಿ ಷೇರು ನಿಮ್ಮ ಖಾತೆಯಲ್ಲೇ ಅಡವಾಗಿರುತ್ತದೆ, ಸಾಲ ತೀರುವವರೆಗೂ.

ಈಗ ಬ್ರೋಕರ್ ಏನು ಮಾಡಬಹುದು, ಏನು ಮಾಡುವಂತಿಲ್ಲ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ನಿಮ್ಮ ಆರ್ಡರ್ ಕಳಿಸಬಹುದು, ನೀವು ಮಾರಿದ್ದನ್ನು ತಲುಪಿಸಬಹುದು, ನೀವು ಬಾಕಿ ಉಳಿಸಿಕೊಂಡರೆ ಅಡವಿಟ್ಟದ್ದನ್ನು ಮಾರಬಹುದು. ಪ್ರತಿ ಸಲ ಷೇರು ಹೊರಹೋದಾಗ ಡಿಪಿ ಶುಲ್ಕ ಎಂದು ಹದಿನೈದಿಪ್ಪತ್ತು ರೂಪಾಯಿ ಹಿಡಿಯಬಹುದು. ಆದರೆ ಬಾಕಿಯಿಲ್ಲದ ನಿಮ್ಮ ಷೇರನ್ನು ಮುಟ್ಟುವಂತಿಲ್ಲ. ಒಬ್ಬ ಗ್ರಾಹಕನ ಷೇರಿನಿಂದ ಇನ್ನೊಬ್ಬನ ಬಾಕಿ ತೀರಿಸುವಂತಿಲ್ಲ. ನಿಮ್ಮ ಪರವಾಗಿ ತನ್ನಿಷ್ಟದಂತೆ ಕೊಂಡು ಮಾರುವಂತಿಲ್ಲ. "ನಿಮ್ಮ ಲಾಗಿನ್ ಕೊಡಿ, ತಿಂಗಳಿಗೆ ಇಷ್ಟು ಗ್ಯಾರಂಟಿ" ಎನ್ನುವ ಶಾಖೆಯ ಹುಡುಗನ ಮಾತು ಬ್ರೋಕರ್‌ನ ಅಧಿಕಾರದ ಹೊರಗಿನದು. ಖಚಿತ ಲಾಭದ ಮಾತು ನಂಬಿ ಹಣ ಹೋದರೆ ಎಕ್ಸ್‌ಚೇಂಜಿನ ಹೂಡಿಕೆದಾರರ ರಕ್ಷಣಾ ನಿಧಿಯಿಂದಲೂ ಪರಿಹಾರ ಸಿಗುವುದಿಲ್ಲ.

ಷೇರಿನ ದಾರಿಗಳು ಬಿಗಿಯಾದಷ್ಟು ಹಣದ ದಾರಿ ಬಿಗಿಯಾಗಿಲ್ಲ. ಟ್ರೇಡಿಂಗ್ ಖಾತೆಗೆ ಹಾಕಿ ಬಿಟ್ಟ ಹಣ ಡಿಪಾಸಿಟರಿಯಲ್ಲಿಲ್ಲ, ಬ್ರೋಕರ್ ಮೂಲಕವೇ ಹಾದುಹೋಗುತ್ತದೆ. 2023ರಿಂದ ಬ್ರೋಕರ್ ಗ್ರಾಹಕರ ಹಣವನ್ನು ದಿನದ ಕೊನೆಗೆ ಕ್ಲಿಯರಿಂಗ್ ಕಾರ್ಪೊರೇಷನ್ ಕಡೆಗೆ ಕಳಿಸಬೇಕು. ನೀವು ಆರಿಸಿಕೊಂಡಂತೆ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಉಳಿಕೆಯನ್ನು ನಿಮ್ಮ ಬ್ಯಾಂಕ್ ಖಾತೆಗೆ ಹಿಂದಿರುಗಿಸಬೇಕು. ಆದರೂ ಬ್ರೋಕರ್ ಬಿದ್ದರೆ ಷೇರು ಬೇಗ ಸಿಗುತ್ತದೆ, ಹಣಕ್ಕೆ ಅಲೆಯಬೇಕಾಗುತ್ತದೆ. ಷೇರು ಕೊಳ್ಳದೆ ಲಕ್ಷಗಟ್ಟಲೆ ಅಲ್ಲೇ ಬಿಟ್ಟಿರುವುದಕ್ಕೆ ಅರ್ಥವಿಲ್ಲ.

ಎಲ್ಲ ಸರಿಯಾಗಿದೆಯೇ ಎಂದು ತಿಳಿಯಲು ಆ್ಯಪ್ ಬಿಟ್ಟು ಹೊರಗೆ ಬರಬೇಕು. ಸಿಡಿಎಸ್‌ಎಲ್‌ನಲ್ಲಿ 'ಈಸಿ' ಎಂಬ ಲಾಗಿನ್ ಇದೆ, ಎನ್‌ಎಸ್‌ಡಿಎಲ್‌ನಲ್ಲಿ 'ಐಡಿಯಾಸ್'. ಎರಡೂ ಉಚಿತ, ಎರಡಕ್ಕೂ ಬೇಕಾದದ್ದು ಆ 16 ಸ್ಥಾನದ ಸಂಖ್ಯೆ ಮತ್ತು ನೋಂದಾಯಿಸಿದ ಮೊಬೈಲು. ಅಲ್ಲಿ ಕಾಣುವುದು ಡಿಪಾಸಿಟರಿಯ ಸ್ವಂತ ಪುಸ್ತಕ. ಒಂದೊಂದು ಷೇರಿನ ಮುಂದೆಯೂ ಫ್ರೀ ಬ್ಯಾಲೆನ್ಸ್ ಎಷ್ಟು, ಪ್ಲೆಡ್ಜ್ ಆದದ್ದು ಎಷ್ಟು ಎಂದು ಬೇರೆ ಬೇರೆ ಬರೆದಿರುತ್ತದೆ. ನೀವು ಯಾವ ಮಾರ್ಜಿನ್ ವ್ಯವಹಾರವನ್ನೂ ಮಾಡಿಲ್ಲ, ಸಾಲದಲ್ಲಿ ಕೊಂಡಿಲ್ಲ ಎಂದರೆ ಪೂರ್ತಿ ಸಂಖ್ಯೆ ಫ್ರೀ ಎಂಬಲ್ಲಿ ಇರಬೇಕು. ಆ್ಯಪ್‌ನಲ್ಲಿ 50, ಇಲ್ಲಿ 50, ಆದರೆ ಪ್ಲೆಡ್ಜ್ ಕಾಲಂನಲ್ಲಿ 30 ಎಂದಿದ್ದರೆ ಅಂದೇ ಕೇಳಿ. ಇಲ್ಲಿ ಸಂಖ್ಯೆಯೇ ಕಡಿಮೆ ಇದ್ದರೆ, ನಿನ್ನೆ ಕೊಂಡದ್ದು ಇನ್ನೂ ಬಂದಿಲ್ಲವೇ ಎಂದು ಒಂದು ದಿನ ಕಾದು ನೋಡಿ. ಆಮೇಲೂ ಕಡಿಮೆ ಇದ್ದರೆ ಅದು ತಮಾಷೆಯ ವಿಷಯವಲ್ಲ.

ಇನ್ನೊಂದು ಸುಳಿವು ಲಾಭಾಂಶ. ಡಿಮ್ಯಾಟ್‌ಗೆ ಜೋಡಿಸಿದ ಬ್ಯಾಂಕ್ ಖಾತೆಗೆ ಅದು ಕಂಪನಿಯ ಕಡೆಯಿಂದ ನೇರವಾಗಿ ಬರಬೇಕು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕಂಪನಿಯ ಹೆಸರು ಕಾಣಬೇಕು. ಅದು ಬ್ರೋಕರ್‌ನ ಲೆಡ್ಜರ್‌ನಲ್ಲಿ ಜಮಾ ಆಗುತ್ತಿದ್ದರೆ, ಲಾಭಾಂಶ ಯಾರಿಗೆ ಎಂದು ಕಂಪನಿ ಲೆಕ್ಕ ಹಾಕುವ ರೆಕಾರ್ಡ್ ದಿನದಂದು ಷೇರು ಯಾರ ಖಾತೆಯಲ್ಲಿತ್ತು ಎಂದು ಕೇಳಬೇಕಾಗುತ್ತದೆ.

ಡಿಪಾಸಿಟರಿಯಿಂದ ಬರುವ ಎಸ್‌ಎಂಎಸ್‌ಗಳನ್ನು ಓದದೆ ಅಳಿಸುವವರು ಬಹಳ. ಖಾತೆಯಿಂದ ಷೇರು ಹೊರಹೋದಾಗ ಬರುವ ಸಂದೇಶ ಅದು. ಖಾತೆ ತೆರೆಯುವಾಗ ಏಜೆಂಟರ ಮೊಬೈಲ್ ನಂಬರನ್ನೋ ಇಮೇಲನ್ನೋ ಹಾಕಿಸಿಕೊಂಡ ಹಿರಿಯರು ನಮ್ಮ ಕಡೆ ಕಡಿಮೆ ಇಲ್ಲ. ಅಂಥ ಖಾತೆಯಲ್ಲಿ ಟಿಪಿನ್, ಒಟಿಪಿ, ಎಚ್ಚರಿಕೆಯ ಸಂದೇಶ ಎಲ್ಲವೂ ಏಜೆಂಟರಿಗೇ ಹೋಗುತ್ತದೆ. ಮೇಲೆ ಹೇಳಿದ ಒಂದು ರಕ್ಷಣೆಯೂ ಅವರಿಗಿಲ್ಲ. ಮನೆಯಲ್ಲಿ ಅಪ್ಪನದೋ ಅಜ್ಜನದೋ ಹಳೆಯ ಖಾತೆ ಇದ್ದರೆ ಮೊದಲು ಈ ಎರಡನ್ನು ಪರೀಕ್ಷಿಸಿ, ಬೇಕಿದ್ದರೆ ಡಿಪಿಗೆ ಅರ್ಜಿ ಕೊಟ್ಟು ಬದಲಾಯಿಸಿ. ಹಳೆಯ ಪವರ್ ಆಫ್ ಅಟಾರ್ನಿ ಇನ್ನೂ ಜಾರಿಯಲ್ಲಿದೆಯೇ ಎಂದೂ ಕೇಳಿ. ಹೊಸ ನಿಯಮ ಬಂದ ಮಾತ್ರಕ್ಕೆ ಹಿಂದೆ ಬರೆದುಕೊಟ್ಟದ್ದು ತಾನಾಗಿ ರದ್ದಾಗಿಲ್ಲ. ಗ್ರಾಹಕ ಯಾವಾಗ ಬೇಕಾದರೂ ಅದನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಬಹುದು.

ಇಷ್ಟೆಲ್ಲ ಆಗಿಯೂ ಬ್ರೋಕರ್ ಬಾಗಿಲು ಹಾಕಿಯೇಬಿಟ್ಟ ಎನ್ನಿ. ಷೇರು ನಿಮ್ಮ ಖಾತೆಯಲ್ಲಿ ಫ್ರೀ ಆಗಿದ್ದರೆ ಇನ್ನೊಬ್ಬ ಡಿಪಿಯ ಹತ್ತಿರ ಡಿಮ್ಯಾಟ್ ತೆರೆದು ಅಲ್ಲಿಗೆ ವರ್ಗಾಯಿಸಿಕೊಳ್ಳುವುದು. ಹಳೆಯ ಖಾತೆ ಮುಚ್ಚಿ ಎಲ್ಲವನ್ನೂ ನಿಮ್ಮದೇ ಹೆಸರಿನ ಹೊಸ ಖಾತೆಗೆ ಸಾಗಿಸುವುದಕ್ಕೆ ವರ್ಗಾವಣೆ ಶುಲ್ಕವೂ ಇಲ್ಲ. ಹೊಸ ಡಿಪಿಯಿಂದ ಸಿಎಂಆರ್, ಅಂದರೆ ಕ್ಲೈಂಟ್ ಮಾಸ್ಟರ್ ರಿಪೋರ್ಟ್ ಎಂಬ ಒಂದು ಪುಟ ತೆಗೆದುಕೊಂಡು ಖಾತೆ ಮುಚ್ಚುವ ಅರ್ಜಿಗೆ ಲಗತ್ತಿಸಬೇಕು. ಎರಡೂ ಖಾತೆಗಳಲ್ಲಿ ಹೆಸರು, ಪ್ಯಾನ್ ಒಂದೇ ಇರಬೇಕು. ಜಂಟಿ ಖಾತೆಯಾದರೆ ಹೆಸರುಗಳ ಸರದಿಯೂ ಅದೇ ಇರಬೇಕು. ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಈ ಸರದಿ ತಪ್ಪಿದ್ದಕ್ಕೇ. ಹಳೆಯ ಡಿಪಿ ಉತ್ತರವನ್ನೇ ಕೊಡದಿದ್ದರೆ ನೇರವಾಗಿ ಡಿಪಾಸಿಟರಿಗೆ ಬರೆಯಿರಿ, ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ಹಾಕಿ. ಹಣದ ಉಳಿಕೆಗೆ ಬೇರೆ ದಾರಿ. ಎಕ್ಸ್‌ಚೇಂಜ್ ಆ ಬ್ರೋಕರ್‌ನನ್ನು ಡಿಫಾಲ್ಟರ್ ಎಂದು ಘೋಷಿಸಿದ ಮೇಲೆ ಕ್ಲೇಮ್ ಸಲ್ಲಿಸಬೇಕು. ಅದಕ್ಕೆ ಬೇಕಾಗುವುದು ಕಾಂಟ್ರ್ಯಾಕ್ಟ್ ನೋಟ್, ಲೆಡ್ಜರ್ ಮತ್ತು ಹಣ ಕಳಿಸಿದ ಬ್ಯಾಂಕ್ ಸ್ಟೇಟ್‌ಮೆಂಟ್. ಮೊದಲೆರಡು ಸಿಗುವುದು ಬ್ರೋಕರ್‌ನ ತಾಣದಲ್ಲೇ, ಆ ತಾಣವೇ ನಿಂತುಹೋಗಿದ್ದರೆ ಸಿಗುವುದಿಲ್ಲ. ತಿಂಗಳಿಗೊಮ್ಮೆ ಇಳಿಸಿ ಇಮೇಲಿನಲ್ಲೋ ಪೆನ್‌ಡ್ರೈವ್‌ನಲ್ಲೋ ಇಟ್ಟುಕೊಂಡವರ ಕ್ಲೇಮು ಸಲೀಸು.